ದರ್ಗಾ ಕಂಬದಿಂದ ಆಚೆ

ಸೋಮವಾರ ಹುಲಿಗೇಶ ಕೆಲಸಕ್ಕೆ ಬರುತ್ತಾನೆ ಎಂಬುದು ಖಚಿತವಾದ ದಿನದಿಂದ ವಿಶಾಖಾಗೆ ಊಟ ಸೇರುತ್ತಿರಲಿಲ್ಲ.

ದೇವದುರ್ಗದ ವಿದ್ಯುತ್ ಸೆಕ್ಷನ್ ಆಫೀಸಿಗೆ ಅವಳೇ ಸೆಕ್ಷನ್ ಆಫೀಸರ್. ವಯಸ್ಸು ಇಪ್ಪತ್ತೊಂಬತ್ತು. ರಾಯಚೂರಿನಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಪರೀಕ್ಷೆ ಬರೆದು ಬಂದವಳು. ಅವಳ ಕೈಕೆಳಗೆ ಹನ್ನೆರಡು ಜನ ಲೈನ್‌ಮನ್‌ಗಳು. ಅವರಲ್ಲೆಲ್ಲ ಹಿರಿಯ ಹುಲಿಗೇಶ. ಇಪ್ಪತ್ತೆರಡು ವರ್ಷ ಅದೇ ಭಾಗದಲ್ಲಿ ಕಂಬ ಹತ್ತಿದವನು. ಯಾವ ಟ್ರಾನ್ಸ್‌ಫಾರ್ಮರ್ ಯಾವ ಲೈನಿನ ಮೇಲಿದೆ, ಯಾವ ಕಂಬದ ಬುಡ ಪೊಳ್ಳಾಗಿದೆ ಎಂಬುದನ್ನು ನಕಾಶೆ ನೋಡದೆ ಹೇಳುತ್ತಿದ್ದ. ಅವಳು ಈ ಸೆಕ್ಷನ್ನಿಗೆ ಬಂದು ಎರಡು ತಿಂಗಳಾಗಿದ್ದಾಗ, ಕಳೆದ ಸೆಪ್ಟೆಂಬರಿನಲ್ಲಿ, ಒಂದು ಕಲ್ಯಾಣ ಮಂಟಪದ ಹತ್ತಿರ ತಂತಿ ಸರಿಪಡಿಸಲು ಅವನನ್ನು ಕಳಿಸಿದ್ದಳು. ಲೈನು ಬಂದ್ ಮಾಡಿಸಿಯೇ ಅವನು ಹತ್ತಿದ್ದ. ಆದರೆ ಮಂಟಪದವರು ಜನರೇಟರ್ ಚಾಲು ಮಾಡಿದರು. ಅದನ್ನು ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇರಲಿಲ್ಲ. ಕರೆಂಟು ಹಿಮ್ಮುಖವಾಗಿ ತಂತಿಗೆ ಹರಿಯಿತು. ಹುಲಿಗೇಶನ ಎಡಗೈಯ ಎರಡು ಬೆರಳು ಹೋದವು. ಕೆಳಗೆ ಬಿದ್ದು ಸೊಂಟದ ಎಲುಬು ಮುರಿಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ನಲವತ್ತು ದಿನ, ಆಮೇಲೆ ಮಾನ್ವಿಯ ಮನೆಯಲ್ಲಿ ಏಳೂವರೆ ತಿಂಗಳು. ಈಗ ಮೆಡಿಕಲ್ ಬೋರ್ಡು ಫಿಟ್‌ನೆಸ್ ಸರ್ಟಿಫಿಕೇಟು ಕೊಟ್ಟಿತ್ತು. ಮೂರು ತಿಂಗಳು ಕಂಬ ಹತ್ತಬಾರದು, ನೆಲದ ಮೇಲಿನ ಕೆಲಸ ಮಾಡಬಹುದು ಎಂದು ಅದರಲ್ಲಿ ಬರೆದಿತ್ತು.

ಈ ಒಂಬತ್ತು ತಿಂಗಳಲ್ಲಿ ಏನೇನು ಬದಲಾಗಿದೆ ಎಂದು ವಿಶಾಖಾ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡುತ್ತ ಕೂತಳು. ದೂರು ಬರೆಯುವ ರಿಜಿಸ್ಟರು ಹೋಗಿ ಮೊಬೈಲ್ ಆ್ಯಪ್ ಬಂದಿದೆ. ಇಬ್ಬರು ವರ್ಗವಾಗಿ ಹೋಗಿದ್ದಾರೆ. ಸ್ಟೋರಿನ ಸಾಮಾನು ತೆಗೆದುಕೊಳ್ಳುವ ಫಾರ್ಮು ಬೇರೆಯಾಗಿದೆ. ಹಳೆಯ ಮೀಟರುಗಳನ್ನು ಕಿತ್ತು ಹೊಸವನ್ನು ಕೂರಿಸುತ್ತಿದ್ದಾರೆ. ಊರುಗಳಿಗೆ ಕರೆಂಟು ಒಯ್ಯುವ ಮೂರನೇ ನಂಬರ್ ಫೀಡರ್ ಲೈನನ್ನು ಒಡೆದು ಅರ್ಧ ಊರುಗಳನ್ನು ಏಳನೇ ನಂಬರಿಗೆ ಹಾಕಿದ್ದಾರೆ. ಬರೆಯುತ್ತ ಹೋದಂತೆ ನಲವತ್ತಮೂರು ಬಾಬತ್ತುಗಳಾದವು. ಪಟ್ಟಿಯನ್ನು ಇನ್ನೊಮ್ಮೆ ನೋಡಿ ಅವಳಿಗೇ ತಲೆ ಸುತ್ತು ಬಂದಂತಾಯಿತು.

ಆದಿತ್ಯವಾರ ಸಿರವಾರ ಮಾರ್ಗದ ಬಸ್ಸು ಹಿಡಿದು ಮಾನ್ವಿಗೆ ಹೋದಳು. ನೋಟ್‌ಬುಕ್ಕು ಚೀಲದಲ್ಲಿತ್ತು. ಹುಲಿಗೇಶ ಅಂಗಳದಲ್ಲಿ ಮೆಲ್ಲಗೆ ನಡೆಯುತ್ತಿದ್ದ. ಅವಳನ್ನು ಕಂಡು ನಕ್ಕು, ಒಳಗೆ ಕರೆದು, ತಾನೇ ಕುರ್ಚಿ ಎಳೆದು ಹಾಕಿದ. ಒಣಗಿದ್ದ. ಗಡ್ಡದಲ್ಲಿ ಬಿಳಿ ಜಾಸ್ತಿಯಾಗಿತ್ತು.

“ನಾಳೆ ಬರ್ತೀನ್ರಿ ಮೇಡಂ. ಮನ್ಯಾಗ ಕುಂತು ಕುಂತು ಹುಚ್ಚು ಹಿಡಿಯಾಂಗ ಆಗ್ಯಾದ,” ಎಂದ.

ಅಷ್ಟರಲ್ಲಿ ಗೂಡಿನಲ್ಲಿದ್ದ ಅವನ ಫೋನು ಬಡಿದುಕೊಂಡಿತು. ಅವನ ಭುಜ ಮೇಲೆದ್ದು ಹಾಗೇ ನಿಂತುಬಿಟ್ಟಿತು. ಅವನು ಎತ್ತಲಿಲ್ಲ. ಫೋನು ತಾನಾಗಿ ನಿಂತಿತು. ಆಮೇಲೆ ಏನೂ ಆಗದವನಂತೆ ಚಹಾ ಕುಡಿದ.

ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಅವನ ಹೆಂಡತಿ ಮೌನೇಶ್ವರಿ ಬಂದಳು. ದಾರಿಯಲ್ಲಿ ವಿಶಾಖಾಳ ಕೈ ಹಿಡಿದುಕೊಂಡಳು.

“ಮೇಡಂರೀ, ನಿಮಗೊಂದು ಮಾತು ಹೇಳ್ತೀನಿ. ಹೊರಗ ಗಟ್ಟಿ ಕಾಣ್ತಾರ. ಒಳಗ ಹಂಗಿಲ್ಲ. ಯಾರರೆ ನಾಕು ಸುದ್ದಿ ಒಮ್ಮಿಗೆ ಹೇಳಿದ್ರ ಕೈ ನಡುಗ್ತದ. ಬ್ಯಾಂಕಿನವ್ರು ಏನೋ ಕಾಗದ ವಿವರಿಸಾಕತ್ರು, ಅಲ್ಲೇ ಎದ್ದು ಬಂದ್ಬಿಟ್ರು. ಒಮ್ಮಿಗೇ ಎಲ್ಲಾ ಅವ್ರ ಮ್ಯಾಲ ಹೇರಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅಯ್ಯ, ಹಂಗೆಲ್ಲಾ ಅನಬ್ಯಾಡ್ರಿ ಅಕ್ಕಾ. ನಾ ನೋಡ್ಕೋತೀನಿ,” ಎಂದಳು ವಿಶಾಖಾ.

ನೋಟ್‌ಬುಕ್ಕು ಚೀಲದಿಂದ ಹೊರಗೆ ಬರಲೇ ಇಲ್ಲ.

ಬಸ್ಸಿನಲ್ಲಿ ಕೂತು ಅವಳು ಹೊಸದಾಗಿ ಲೆಕ್ಕ ಹಾಕಿದಳು. ದಿನಕ್ಕೊಂದೇ ಸಂಗತಿ. ಸೋಮವಾರ ಬರೀ ಭೇಟಿ, ಚಹಾ. ಮಂಗಳವಾರ ಆ್ಯಪ್, ಅದು ಸುಲಭ. ಬುಧವಾರ ಸ್ಟೋರಿನ ಫಾರ್ಮು. ಫೀಡರ್ ಒಡೆದದ್ದು ಎಲ್ಲಕ್ಕಿಂತ ಗೋಜಲಿನ ವಿಷಯ. ಅದಕ್ಕೆ ನಕಾಶೆ ಬೇಕು, ಅರ್ಧ ದಿನ ಬೇಕು. ಗುರುವಾರ ಸಾವಧಾನವಾಗಿ ಹೇಳಿದರಾಯಿತು. ಹೇಗೂ ಅವನು ಕಂಬ ಹತ್ತುವುದಿಲ್ಲವಲ್ಲ. ಹೀಗೆ ಅಂದುಕೊಂಡಾಗ ಅವಳ ಮನಸ್ಸಿಗೆ ಸ್ವಲ್ಪ ನಿರಾಳವೆನಿಸಿತು.

ಆಫೀಸಿನವರು ಶಾಲು, ಹಾರ, ಫೋಟೊ ಎಲ್ಲ ತಯಾರಿ ಮಾಡಿದ್ದರು. ವಿಶಾಖಾ ಬೇಡವೆಂದಳು. ಸೋಮವಾರ ಬೆಳಿಗ್ಗೆ ಹುಲಿಗೇಶ ಮೆಟ್ಟಿಲು ಹತ್ತಿ ಬಂದಾಗ ಎಲ್ಲರೂ ಎದ್ದು ನಿಂತರು, ಅಷ್ಟೇ. ಅವನು ಎಲ್ಲರ ಕೈ ಮುಟ್ಟಿ, ಕಿಟಕಿಯ ಹತ್ತಿರದ ತನ್ನ ಹಳೆಯ ಜಾಗದಲ್ಲಿ ಕೂತ. ಅವನ ಎಡಗೈಯ ಕಡೆ ನೋಡದಿರಲು ಎಲ್ಲರೂ ಕಷ್ಟಪಡುತ್ತಿದ್ದರು. ಅವನು ಆ ಕೈಯನ್ನು ಮೇಜಿನ ಮೇಲೆ ಇಟ್ಟು, “ನೋಡ್ರಪ್ಪಾ, ಒಮ್ಮೆ ನೋಡಿಬಿಡ್ರಿ. ನೋಡಿ ಮುಗಿಸ್ರಿ,” ಎಂದ. ಎಲ್ಲರೂ ನಕ್ಕರು.

ಆದರೆ ಚಹಾದ ಹೊತ್ತಿಗೆ ಸೂಗಪ್ಪ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಸೂಗಪ್ಪನೂ ಲೈನ್‌ಮನ್. ಮೂವತ್ತೈದರವನು. ಹುಲಿಗೇಶನ ಹತ್ತಿರವೇ ಕೆಲಸ ಕಲಿತವನು. ಒಂಬತ್ತು ತಿಂಗಳಿಂದ ಕಟ್ಟಿಟ್ಟ ಸುದ್ದಿಯನ್ನೆಲ್ಲ ಒಮ್ಮೆಲೇ ಸುರಿದುಬಿಟ್ಟ. ಯಾರು ವರ್ಗವಾದರು, ಯಾರು ಸತ್ತರು, ಹೊಸ ಸಾಹೇಬರು ಎಂಥವರು, ಆ್ಯಪಿನಲ್ಲಿ ಫೋಟೊ ಹಾಕದಿದ್ದರೆ ನೋಟಿಸು ಹೇಗೆ ಬರುತ್ತದೆ, ಒಂದೂ ಬಿಡಲಿಲ್ಲ. “ಮತ್ತ ಅಣ್ಣಾ, ಫೀಡರ್‌ದೂ ಎಲ್ಲಾ ಉಲ್ಟಾ ಪಲ್ಟಾ ಆಗ್ಯಾದ ನೋಡು, ಮೂರನೇ ನಂಬರ್...” ಎನ್ನುವ ಹೊತ್ತಿಗೆ ಹುಲಿಗೇಶನ ಮುಖ ಬಿಳಿಚಿತ್ತು. ಚಹಾದ ಕಪ್ಪು ತಟ್ಟೆಯ ಮೇಲೆ ಕಟಕಟ ಎನ್ನುತ್ತಿತ್ತು. ಅವನು ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತ.

ವಿಶಾಖಾ ಸೂಗಪ್ಪನನ್ನು ತನ್ನ ಕೋಣೆಗೆ ಕರೆದಳು. ಉಳಿದವರನ್ನೂ ಕರೆದಳು.

“ಇವತ್ತಿನಿಂದ ಹುಲಿಗೇಶಣ್ಣಗ ಯಾರೂ ಏನೂ ಹೇಳಂಗಿಲ್ಲ. ಏನ್ ಹೇಳಬೇಕೋ ಅದನ್ನ ನಾನೇ ಹೇಳ್ತೀನಿ. ಒಂದೊಂದಾಗಿ. ತಿಳೀತಾ?”

“ತಿಳೀತ್ರಿ,” ಎಂದ ಸೂಗಪ್ಪ ತಲೆ ತಗ್ಗಿಸಿ.

ಅದೇ ದಿನ ಮಧ್ಯಾಹ್ನ ಒಂದು ಕಾಗದಕ್ಕೆ ಅವಳು ಸಹಿ ಹಾಕಿದಳು. ಕಂಬದ ಮೇಲೆ ಕೆಲಸ ಮಾಡುವ ಮುಂಚೆ ಸಬ್‌ಸ್ಟೇಷನ್ನಿಗೆ ಫೋನು ಮಾಡಿ, ಫೀಡರಿನ ಹೆಸರು ಹೇಳಿ, ಲೈನು ಬಂದ್ ಮಾಡಿಸಿ, ಅದಕ್ಕೊಂದು ನಂಬರು ಪಡೆಯಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಅದನ್ನು ಎಲ್ಲರೂ ತೆಗೆದುಕೊಳ್ಳುವಂತಿಲ್ಲ. ಅಧಿಕಾರ ಇದ್ದವರ ಪಟ್ಟಿಯೊಂದಿರುತ್ತದೆ. ಹುಲಿಗೇಶನ ಹೆಸರನ್ನು ಅವಳು ಆ ಪಟ್ಟಿಗೆ ಮತ್ತೆ ಸೇರಿಸಿದಳು. ತನ್ನ ಹೆಸರು ಅಲ್ಲಿ ಕಾಣದಿದ್ದರೆ ಅವನಿಗೆ ನೋವಾಗಬಹುದು ಎಂಬುದು ಅವಳ ಯೋಚನೆ. ಸಹಿ ಹಾಕುವಾಗ ಮನಸ್ಸಿನಲ್ಲಿ ಏನೋ ಅಳುಕಿತು. ಏನೆಂದು ಹುಡುಕುವಷ್ಟರಲ್ಲಿ ರಾಯಚೂರಿನ ಡಿವಿಜನ್ ಆಫೀಸಿನಿಂದ ಫೋನು ಬಂತು.

ಮಂಗಳವಾರ ಹುಲಿಗೇಶ ಆ್ಯಪ್ ಕಲಿತ. ಬಲಗೈಯ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೂರು ದೂರು ಹಾಕಿ ತೋರಿಸಿದ. “ಇಷ್ಟ ಏನ್ರಿ?” ಎಂದ. ಅವನ ಕಣ್ಣಿನಲ್ಲಿ ಸಣ್ಣ ಅಸಮಾಧಾನವೊಂದು ಕಂಡಂತಾಯಿತು. ಸೂಗಪ್ಪನನ್ನು ಏನೋ ಕೇಳಲು ಹೋದರೆ ಅವನು, “ಮೇಡಂ ಹೇಳ್ತಾರಣ್ಣಾ,” ಎಂದು ಜಾಗ ಖಾಲಿ ಮಾಡುತ್ತಿದ್ದ. ಸಂಜೆ ಹೊರಡುವಾಗ ಹುಲಿಗೇಶ ವಿಶಾಖಾಳ ಬಾಗಿಲಲ್ಲಿ ನಿಂತ.

“ಮೇಡಂ, ನಾ ಬಂದ್ರ ಎಲ್ಲರ ಮಾತು ನಿಂತುಬಿಡ್ತಾವ. ಏನರೆ ಆಗ್ಯಾದೇನ್ರಿ?”

“ಏನಿಲ್ಲಣ್ಣಾ. ನಿಧಾನಕ್ಕ ಹೇಳ್ತೀನಿ. ಅವಸರ ಏನದ?”

ಅವನು ತಲೆಯಾಡಿಸಿ ಹೋದ. ದೇವದುರ್ಗದಲ್ಲಿ ಹಿಡಿದಿದ್ದ ಬಾಡಿಗೆ ರೂಮಿನ ಕಡೆ ಅವನು ನಡೆದುಹೋಗುವುದನ್ನು ಅವಳು ಕಿಟಕಿಯಿಂದ ನೋಡಿದಳು. ತಾನು ಸರಿ ಮಾಡುತ್ತಿದ್ದೇನೋ ತಪ್ಪು ಮಾಡುತ್ತಿದ್ದೇನೋ ಎಂದು ಆ ಹೊತ್ತಿನಲ್ಲಿ ಯಾರಾದರೂ ಹೇಳಿದ್ದರೆ ಅವಳು ಅವರಿಗೆ ಕೈ ಮುಗಿಯುತ್ತಿದ್ದಳು.

ಬುಧವಾರ ಮಧ್ಯಾಹ್ನ ಎರಡರ ಹೊತ್ತಿಗೆ ಪಡುವಣದಿಂದ ಕೆಂಪು ಧೂಳೆದ್ದಿತು. ಜೂನಿನ ಮೊದಲ ಬಿರುಗಾಳಿ. ಅರ್ಧ ತಾಸಿನಲ್ಲಿ ರಾಯಚೂರು ರಸ್ತೆಯ ಮೇಲೆ ನಾಲ್ಕು ಕಂಬ ಒರಗಿದವು. ಇದ್ದಬದ್ದ ಜನರನ್ನೆಲ್ಲ ಕರೆದುಕೊಂಡು ವಿಶಾಖಾ ಅಲ್ಲಿಗೆ ಓಡಿದಳು. ಹುಲಿಗೇಶನಿಗೆ, “ಅಣ್ಣಾ, ಆಫೀಸಿನ್ಯಾಗ ಕುಂತು ದೂರು ಬರಕೋರಿ, ಸಾಕು,” ಎಂದು ಹೇಳಿದ್ದಳು.

ದೂರುಗಳು ಆ್ಯಪಿಗೆ ಬಂದವು, ಆಫೀಸಿನ ಫೋನಿಗೆ ಬಂದವು. ಆದರೆ ಅರಕೇರಾ ಕಡೆಯ ಊರಿನವರ ಬಳಿ ಇಪ್ಪತ್ತು ವರ್ಷದಿಂದ ಇದ್ದದ್ದು ಹುಲಿಗೇಶನ ನಂಬರು. ಅಲ್ಲಿಯ ನೀರು ಬಿಡುವ ಗುಡುಸಾಬ ನೇರವಾಗಿ ಅವನಿಗೇ ಫೋನು ಹಚ್ಚಿದ. ದರ್ಗಾದ ಆಚೆ ಕಂಬದ ಮೇಲೆ ಒಂದು ತಂತಿ ಕಡಿದು ಜೋತಾಡುತ್ತಿದೆ, ಒಂದು ಫೇಸು ಹೋಗಿದೆ, ಮೋಟರು ಎಳೆಯುತ್ತಿಲ್ಲ, ನೀರಿನ ಟಾಕಿ ಖಾಲಿಯಾಗಿದೆ. ಅದೇ ಹೊತ್ತಿಗೆ ಸೂಗಪ್ಪ ತಂತಿಯ ಸುರುಳಿ ಒಯ್ಯಲು ಆಫೀಸಿಗೆ ಬಂದಿದ್ದ. “ನಡೀ, ನೀ ಹತ್ತು, ನಾ ಕೆಳಗ ನಿಂದರ್ತೀನಿ,” ಎಂದ ಹುಲಿಗೇಶ. ಇಬ್ಬರೂ ಸೂಗಪ್ಪನ ಬೈಕಿನಲ್ಲಿ ಹೊರಟರು.

ವಿಶಾಖಾಳಿಗೆ ಇದೊಂದೂ ಗೊತ್ತಿರಲಿಲ್ಲ. ಕಂಬ ಎತ್ತುವ ಕ್ರೇನಿನವನ ಜೊತೆ ಕೂಗಾಡಿ, ಸ್ವಲ್ಪ ಬಿಡುವಾದಾಗ ಕೆಲಸದ ವಾಟ್ಸ್ಯಾಪ್ ಗುಂಪನ್ನು ತೆರೆದಳು. ಸೂಗಪ್ಪನ ಸಂದೇಶ: “ದರ್ಗಾ ಆಚೆ ಜಂಪರ್ ತಂತಿ ಕಡಿದದ. ಹುಲಿಗೇಶಣ್ಣ ಲೈನ್ ಕ್ಲಿಯರ್ ತಗೊಂಡಾರ.” ಅದರ ಕೆಳಗೆ ಸಬ್‌ಸ್ಟೇಷನ್ನಿನ ಆಪರೇಟರ್ ಅಬ್ದುಲ್ ವಹೀದ್ ಹಾಕಿದ್ದು: “ಫೀಡರ್ 3 ಬಂದ್. ಸಮಯ 3.42. ಹುಲಿಗೇಶ.”

ಎರಡನ್ನೂ ಓದಿ ಫೋನು ಕೆಳಗಿಳಿಸುವವಳಿದ್ದಳು. ಮತ್ತೆ ಓದಿದಳು.

ದರ್ಗಾ ಕಂಬದ ತನಕ ಮಾತ್ರ ಮೂರನೇ ನಂಬರ್ ಫೀಡರು. ಅಲ್ಲಿ ತಂತಿ ಕತ್ತರಿಸಿ ಒಂದೂವರೆ ತಿಂಗಳಾಗಿತ್ತು. ಅಲ್ಲಿಂದಾಚೆ ಏಳನೇ ನಂಬರು. ಕಂಬಗಳ ಮೇಲಿನ ಹಳೆಯ ನಂಬರುಗಳನ್ನು ಇನ್ನೂ ಅಳಿಸಿ ಬರೆದಿರಲಿಲ್ಲ. ಹುಲಿಗೇಶ ತನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದ ಫೀಡರನ್ನು ಬಂದ್ ಮಾಡಿಸಿದ್ದ. ಅಂದರೆ ಈಗ ಸೂಗಪ್ಪ ಹತ್ತುತ್ತಿರುವ ಕಂಬದ ಮೇಲೆ ಹನ್ನೊಂದು ಸಾವಿರ ವೋಲ್ಟು ಜೀವಂತ ಇದೆ. ಮತ್ತು ಸೂಗಪ್ಪನಿಗೆ ಫೀಡರ್ ಒಡೆದದ್ದು ಗೊತ್ತು. ಆದರೆ ಲೈನ್ ಕ್ಲಿಯರ್ ತಗೊಂಡವನು ಹುಲಿಗೇಶಣ್ಣ. ಅಣ್ಣ ತಗೊಂಡಿದ್ದಾನೆ ಅಂದಮೇಲೆ ಸರಿಯೇ ತಗೊಂಡಿರುತ್ತಾನೆ, ಅವನಿಗೆ ಮೇಡಂ ಹೇಳಿರುತ್ತಾರೆ ಎಂದು ಸೂಗಪ್ಪ ತಿಳಿದಿರುತ್ತಾನೆ.

ಹೇಳಿರಲಿಲ್ಲ. ಅದು ಗುರುವಾರದ ಸಂಗತಿಯಾಗಿತ್ತು.

ಹುಲಿಗೇಶನಿಗೆ ಫೋನು ಮಾಡಿದಳು. ಬಡಿದು ಬಡಿದು ನಿಂತಿತು. ಸೂಗಪ್ಪನಿಗೆ ಮಾಡಿದಳು. ಸ್ವಿಚ್ ಆಫ್. ಕಂಬ ಹತ್ತುವಾಗ ಫೋನು ಬಂದ್ ಮಾಡಿ ಬೈಕಿನ ಡಿಕ್ಕಿಯಲ್ಲಿಡಬೇಕೆಂದು ತಾನೇ ಕಲಿಸಿದ್ದಳು. ಸಬ್‌ಸ್ಟೇಷನ್ನಿಗೆ ಮಾಡಿದಳು. ಎಂಗೇಜ್. ಮತ್ತೆ ಮಾಡಿದಳು. ಎಂಗೇಜ್. ಗಾಳಿ ಬೀಸಿದ ಮೇಲೆ ಇಡೀ ತಾಲೂಕಿನ ಜನ ಆ ನಂಬರಿಗೇ ಫೋನು ಹಚ್ಚುತ್ತಿದ್ದರು. ಅಬ್ದುಲ್ ವಹೀದನ ಸ್ವಂತ ಮೊಬೈಲಿಗೆ ಮಾಡಿದಳು. ಅವನು ಇನ್ನೊಂದು ಕರೆಯಲ್ಲಿದ್ದಾನೆ ಎಂದಿತು.

ಸಬ್‌ಸ್ಟೇಷನ್ನು ಅಲ್ಲಿಂದ ಎರಡು ಕಿಲೋಮೀಟರು. ವಿಶಾಖಾ ಸ್ಕೂಟಿ ಹತ್ತಿದಳು. ಒಂದು ಕೈಯಲ್ಲಿ ಫೋನು ಒತ್ತುತ್ತಲೇ ಇದ್ದಳು, ಆಮೇಲೆ ಬಿದ್ದರೆ ಅದೂ ಇಲ್ಲವಾದೀತು ಎಂದು ಜೇಬಿಗಿಟ್ಟಳು. ರಸ್ತೆಯ ಮೇಲೆಲ್ಲ ಜಾಲಿಯ ಟೊಂಗೆಗಳು. ಸುತ್ತಿ ಬಳಸಿ ಹೋಗಬೇಕಾಯಿತು. ಮೌನೇಶ್ವರಿಯ ಮಾತು ನೆನಪಾಗಲಿಲ್ಲ. ಸೂಗಪ್ಪನ ಮಗಳ ಹೆಸರೇನು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಹೋದ ವಾರ ಅವಳ ಹುಟ್ಟುಹಬ್ಬಕ್ಕೆ ಕರೆದಿದ್ದ. ಎಷ್ಟು ನೆನೆದರೂ ಹೆಸರು ಬರಲಿಲ್ಲ.

ಅಬ್ದುಲ್ ವಹೀದ್ ಎರಡು ಕಿವಿಗೂ ಒಂದೊಂದು ಫೋನು ಹಿಡಿದು ನಿಂತಿದ್ದ. ಅರವತ್ತರ ಹತ್ತಿರದ ಶಾಂತ ಮನುಷ್ಯ. ಅವಳು ಬಾಗಿಲಿನಿಂದಲೇ ಚೀರಿದಳು.

“ವಹೀದ್ ಭಾಯಿ, ಏಳು ತೆಗೀರಿ! ಏಳನೇ ಫೀಡರ್ ತೆಗೀರಿ ಮೊದ್ಲು!”

ಅವನು ಯಾಕೆಂದು ಕೇಳಲಿಲ್ಲ. ಫೋನುಗಳನ್ನು ಮೇಜಿನ ಮೇಲೆ ಎಸೆದು ಪ್ಯಾನಲ್ಲಿನ ಹಿಡಿಕೆ ತಿರುಗಿಸಿದ. ಧಡ್ ಎಂದಿತು. ಕೆಂಪು ದೀಪ ಆರಿ, ಬಂದ್ ಆದ ಗುರುತಿಗೆ ಹಸಿರು ಹತ್ತಿತು. ಗೋಡೆಯ ಗಡಿಯಾರದಲ್ಲಿ ಮೂರು ಐವತ್ತೆಂಟು.

“ದರ್ಗಾ ಆಚೆ... ಅವರು ದರ್ಗಾ ಆಚೆ ಕೆಲ್ಸ ಮಾಡಾಕತ್ಯಾರ,” ಎಂದಳು ಏದುಸಿರು ಬಿಡುತ್ತ.

ವಹೀದನ ಬಾಯಿ ತೆರೆದೇ ಉಳಿಯಿತು. “ಯಾ ಅಲ್ಲಾ! ಜಾಗ ಹೇಳ್ಲಿಲ್ಲ ಮೇಡಂ ಅವರು. ಮೂರನೇ ನಂಬರ್ ಕೊಡ್ರಿ ಅಂದ್ರು. ಹುಲಿಗೇಶಣ್ಣನ ಧ್ವನಿ ಕೇಳಿ ಖುಷಿ ಆತು, ಕೊಟ್ಟೆ. ನಾನೂ ಕೇಳಬೇಕಿತ್ತು. ಫೋನ್ ಮ್ಯಾಲ ಫೋನ್...”

“ಏಳು ಟ್ರಿಪ್ ಆಗಿತ್ತೇನ್ರಿ? ಈ ಹದಿನಾರು ನಿಮಿಷದಾಗ?”

“ಇಲ್ರಿ. ಒಮ್ಮೆನೂ ಆಗಿಲ್ಲ.”

ಆ ಮಾತನ್ನು ಹಿಡಿದುಕೊಂಡು ಅವಳು ಅರಕೇರಾ ದಾರಿ ಹಿಡಿದಳು. ಮನುಷ್ಯ ತಂತಿಗೆ ತಗುಲಿದರೆ ಫೀಡರು ಟ್ರಿಪ್ ಆಗಿ ತಾನಾಗಿ ಬಂದ್ ಆಗುತ್ತದೆ. ಆಗಿಲ್ಲ ಅಂದರೆ ಯಾರಿಗೂ ಏನೂ ಆಗಿಲ್ಲ. ಮುಂದಿನ ತಿರುವಿನಲ್ಲೇ, ಪ್ರತಿಸಲ ಟ್ರಿಪ್ ಆಗುವುದಿಲ್ಲ ಎಂಬುದೂ ನೆನಪಾಯಿತು. ಒಣ ನೆಲದಲ್ಲಿ ಆಗದೇ ಇರಬಹುದು. ಒಂಬತ್ತು ಕಿಲೋಮೀಟರಿನ ದಾರಿಯಲ್ಲಿ ಈ ಎರಡು ಮಾತುಗಳೇ ಒಂದಾದ ಮೇಲೊಂದು ಬರುತ್ತಿದ್ದವು.

ದರ್ಗಾ ದಾಟಿದ ಮೇಲೆ ಹೊಲದ ಬದುವಿನಲ್ಲಿ ಕಂಬ ಕಾಣಿಸಿತು. ಕಂಬದ ಸುತ್ತ ಜನ. ಇಪ್ಪತ್ತು ಮೂವತ್ತು ಮಂದಿ ಗುಂಪುಗೂಡಿ, ನೆಲದ ಕಡೆ ನೋಡುತ್ತ ನಿಂತಿದ್ದರು. ಸ್ಕೂಟಿಯನ್ನು ನಿಲ್ಲಿಸಲು ಸ್ಟ್ಯಾಂಡು ಸಿಗದೆ ಹಾಗೇ ಕೆಡವಿ ಓಡಿದಳು. ಹೆಂಗಸರನ್ನು ಸರಿಸಿ ಒಳಗೆ ನುಗ್ಗಿದಳು.

ಸೂಗಪ್ಪ ನೆಲದ ಮೇಲೆ ಕೂತಿದ್ದ. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡೇ ಇದ್ದ. ಎರಡೂ ಕೈಯನ್ನು ಮೊಣಕಾಲಿನ ನಡುವೆ ಒತ್ತಿಕೊಂಡಿದ್ದ. ಗುಡುಸಾಬ ಅವನಿಗೆ ನೀರು ಕುಡಿಸುತ್ತಿದ್ದ. ಹುಲಿಗೇಶ ಪಕ್ಕದಲ್ಲಿ ನಿಂತಿದ್ದ. ಅವನ ಬಲಗೈಯಲ್ಲಿ ವೋಲ್ಟೇಜ್ ಟೆಸ್ಟರಿನ ಉದ್ದನೆಯ ಕೋಲು.

“ಏನಾತು? ಯಾರಿಗರೆ ಏನರೆ ಆತಾ?” ಎಂದು ಕೂಗಿದಳು.

“ಏನೂ ಆಗಿಲ್ರಿ,” ಎಂದ ಹುಲಿಗೇಶ.

ಸೂಗಪ್ಪನೇ ತೊದಲುತ್ತ ಹೇಳಿದ. ಬೆಲ್ಟು ಕಟ್ಟಿ ಅವನು ಕಂಬಕ್ಕೆ ಕಾಲಿಟ್ಟಿದ್ದ. ಹುಲಿಗೇಶ, ಮೊದಲು ಟೆಸ್ಟರು ಹಚ್ಚು ಅಂದ. ಲೈನ್ ಕ್ಲಿಯರ್ ಸಿಕ್ಕಿದೆ, ನಂಬರು ಕೈಯಲ್ಲಿದೆ, ಮತ್ತೆ ಗಾಳಿ ಏಳುತ್ತಿದೆ, ಹೊತ್ತು ಯಾಕೆ ಹಾಳು ಎಂದು ಸೂಗಪ್ಪ ಜಗಳಾಡಿದ. ಹುಲಿಗೇಶ ಅವನ ಬೆಲ್ಟು ಹಿಡಿದು ಕೆಳಗೆ ಜಗ್ಗಿದ. ಜಗ್ಗಿದ ರಭಸಕ್ಕೆ ಇಬ್ಬರೂ ಬಿದ್ದರು. ಊರಿನವರು ಬಿಡಿಸಲು ಬಂದರು; ಆ ಗದ್ದಲದಲ್ಲಿ ಫೋನು ಬಡಿದದ್ದು ಕೇಳಲಿಲ್ಲ. ಹುಲಿಗೇಶ ಎದ್ದು, ತಾನೇ ಕೋಲನ್ನು ಎಳೆದು ಉದ್ದ ಮಾಡಿ, ಮೂರು ಬೆರಳಿನ ಕೈಯ ಆಸರೆ ಕೊಟ್ಟು ಮೇಲೆತ್ತಿದ. ತುದಿ ತಂತಿಯ ಹತ್ತಿರ ಹೋದದ್ದೇ ಕೆಂಪು ದೀಪ ಹತ್ತಿ ಕೀಂ ಎಂದು ಕಿರುಚಿತು.

“ಒಂದ್ ನಿಮಿಷ ಮೇಡಂ,” ಎಂದ ಸೂಗಪ್ಪ. “ಇನ್ನೊಂದ್ ನಿಮಿಷ ಬಿಟ್ಟಿದ್ರ...” ಮುಂದೆ ಹೇಳಲಾಗದೆ ಅಳತೊಡಗಿದ.

ಹುಲಿಗೇಶ ವಿಶಾಖಾಳನ್ನು ನೇರವಾಗಿ ನೋಡಿದ. ಧ್ವನಿ ಏರಿಸಲಿಲ್ಲ.

“ಇಲ್ಲಿ ಯಾವ ಫೀಡರ್ ಅದರಿ ಈಗ?”

“ಏಳು.”

“ಯಾವಾಗ ಆತು?”

“ಒಂದೂವರೆ ತಿಂಗಳಾತು.”

“ನನಗ್ಯಾಕ ಹೇಳ್ಲಿಲ್ರಿ?”

“ನಾಳೆ ಹೇಳೋದಿತ್ತು,” ಎಂದಳು ವಿಶಾಖಾ. ಹೇಳಿದ ಕೂಡಲೆ ಆ ಮಾತು ಎಷ್ಟು ಪೊಳ್ಳಾಗಿದೆ ಎಂದು ಅವಳಿಗೇ ಕೇಳಿಸಿತು.

ಹುಲಿಗೇಶ ಕೋಲನ್ನು ಮಡಚಿದ.

“ನನಗ ಭಾರ ಆಗ್ತದಂತ ಬಿಟ್ರಿ. ಮನ್ಯಾಕಿ ಏನೋ ಹೇಳ್ಯಾಳ, ಗೊತ್ತದ. ಈ ಹುಡುಗ ನನ್ನ ಮಾತು ನಂಬಿ ಮ್ಯಾಲ ಹತ್ತಿ ಸತ್ತಿದ್ರ, ಆ ಭಾರ ನಾ ಎಲ್ಲಿ ಇಡ್ತಿದ್ದೆ ಮೇಡಂ?”

“ತಪ್ಪು ನಂದೇ ಅಣ್ಣಾ,” ಎಂದಳು. ಅಷ್ಟು ಜನರ ಮುಂದೆಯೇ ಹೇಳಿದಳು. ಸೂಗಪ್ಪನ ಕಡೆ ತಿರುಗಿ, “ನಿನ್ನ ಬಾಯಿ ಕಟ್ಟಿದಾಕಿನೂ ನಾನೇ,” ಎಂದಳು.

ಗುಡುಸಾಬ ಮೆಲ್ಲಗೆ, “ಮತ್ತ ನೀರಿಂದು ಹೆಂಗ್ರಿ?” ಎಂದು ಕೇಳಿದ. ಆ ಪ್ರಶ್ನೆಯೇ ಅವಳನ್ನು ಎಚ್ಚರಿಸಿತು. ಸೂಗಪ್ಪನನ್ನು ಕಂಬ ಹತ್ತಿಸಲಿಲ್ಲ. ಇನ್ನೊಂದು ಗ್ಯಾಂಗನ್ನು ಕರೆಸಿದಳು. ಮೂರನೇ ನಂಬರಿನ ಲೈನ್ ಕ್ಲಿಯರನ್ನು ಹುಲಿಗೇಶನಿಂದ ವಾಪಸ್ಸು ಕೊಡಿಸಿ, ಏಳನೇ ನಂಬರನ್ನು ತನ್ನ ಹೆಸರಿನಲ್ಲಿ ತೆಗೆದುಕೊಂಡಳು. ಜಾಗ, ಕಂಬ, ಕೆಲಸ ಎಲ್ಲವನ್ನೂ ಹೇಳಿದಳು. ವಹೀದ್ ಅತ್ತಲಿಂದ ಒಂದೊಂದನ್ನೂ ತಿರುಗಿ ಹೇಳಿದ. ಮತ್ತೆ ಟೆಸ್ಟರು ಹಚ್ಚಿದರು. ದೀಪ ಹತ್ತಲಿಲ್ಲ. ಕಂಬದ ಎರಡೂ ಕಡೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡು ಕಟ್ಟಿದರು. ಆಮೇಲೆ ಒಬ್ಬ ಹತ್ತಿದ. ಹೊತ್ತು ಮುಳುಗುವ ಮುನ್ನ ಮೋಟರು ಚಾಲೂ ಆಯಿತು. ಕೆಲಸ ಮುಗಿಯುವ ತನಕ ಹುಲಿಗೇಶ ಕುತ್ತಿಗೆ ಎತ್ತಿ ನಿಂತೇ ಇದ್ದ. ವಿಶಾಖಾ ಅವನ ಕೈ ನೋಡುತ್ತಿದ್ದಳು. ನಡುಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮೊದಲು ಮಾಡಿದ ಕೆಲಸ ರಾಯಚೂರಿನ ಎಕ್ಸಿಕ್ಯುಟಿವ್ ಇಂಜಿನಿಯರಿಗೆ ಪತ್ರ ಬರೆದದ್ದು. ಅಪಘಾತವಾಗಲಿಲ್ಲ, ಆಗಬಹುದಿತ್ತು, ಫೀಡರ್ ಬದಲಾದ ಮಾಹಿತಿ ಕೊಡದೆ ಲೈನ್ ಕ್ಲಿಯರ್ ಅಧಿಕಾರ ಕೊಟ್ಟವಳು ನಾನು. ಕಂಬಗಳಿಗೆ ಹೊಸ ನಂಬರು ಬರೆಸದೆ ಬಿಟ್ಟದ್ದನ್ನೂ ಬರೆದಳು. ನೋಟಿಸು ಬರಬಹುದು, ಬಡ್ತಿ ನಿಲ್ಲಬಹುದು. ಆದರೂ ಕಳಿಸಿದಳು. ನಂತರ ಎಲ್ಲರನ್ನೂ ಕರೆದು ಸೋಮವಾರದ ಮಾತನ್ನು ವಾಪಸ್ಸು ತೆಗೆದುಕೊಂಡಳು. “ಹುಲಿಗೇಶಣ್ಣ ಏನ್ ಕೇಳಿದ್ರೂ ಹೇಳ್ರಿ. ಕೇಳದಿದ್ದದ್ದನ್ನ ಸುರೀಬ್ಯಾಡ್ರಿ. ಅಷ್ಟೇ.”

ಆಮೇಲೆ ನೋಟ್‌ಬುಕ್ಕನ್ನು ಹುಲಿಗೇಶನ ಮುಂದಿಟ್ಟಳು.

“ಇದರಾಗ ನಲವತ್ತಮೂರು ಅದಾವಣ್ಣಾ. ನಾನೇ ನಾಕು ದಿನದಿಂದ ಇದನ್ನ ನಿಮ್ಮಿಂದ ಮುಚ್ಚಿಟ್ಟೆ.”

ಅವನು ಹಾಳೆ ತಿರುವಿದ. ಎರಡನೇ ಹಾಳೆಗೆ ಹಣೆಯ ಮೇಲೆ ಬೆವರು ಮೂಡಿತು. ಪುಸ್ತಕ ಮುಚ್ಚಿ ಅವಳ ಕಡೆ ಸರಿಸಿದ.

“ಗೊತ್ತಿಲ್ದಿದ್ರ ಜೀವ ಹೋಗೋವು ಇದರಾಗ ಎಷ್ಟ್ ಅದಾವ್ರಿ?”

ವಿಶಾಖಾ ಪಟ್ಟಿಯ ಮೇಲೆ ಬೆರಳಿಟ್ಟು ನೋಡಿದಳು. ಎಷ್ಟೋ ಸಲ ಓದಿದ ಪಟ್ಟಿ. ಹೀಗೊಂದು ಪ್ರಶ್ನೆಯನ್ನು ತಾನು ಕೇಳಿಕೊಂಡೇ ಇರಲಿಲ್ಲ.

“ನಾಕು.”

“ಆ ನಾಕು ಹೇಳ್ರಿ. ಕಾಗದದ ಮ್ಯಾಲ ಬ್ಯಾಡ. ಲೈನಿಗೆ ಹೋಗೂಣ. ಉಳಿದದ್ದು ದೀಪಾವಳಿ ತನಕ ಹೇಳ್ರಿ, ನಡೀತದ.”

ಇಬ್ಬರೂ ಆಫೀಸಿನ ಜೀಪಿನಲ್ಲಿ ಹೊರಟರು. ದರ್ಗಾ ಕಂಬದ ಕೆಳಗೆ ನಿಂತು ತಂತಿ ಕತ್ತರಿಸಿದ ಜಾಗವನ್ನು ಅವಳು ತೋರಿಸಿದಳು. ಅವನು ಬಹಳ ಹೊತ್ತು ನೋಡಿ, “ಇಲ್ಲೀತನ ಮೂರು. ಇಲ್ಲಿಂದಾಚೆ ಏಳು,” ಎಂದು ತಾನೇ ಹೇಳಿದ. ಎರಡನೆಯದು ಅಲ್ಲಿಂದ ಮುಂದಿನ ಏಳು ಕಂಬಗಳ ಸಾಲು, ಒಂದೇ ಕಂಬದಲ್ಲಿ ಎರಡು ಫೀಡರುಗಳು ಒಂದರ ಕೆಳಗೊಂದು ಹೋಗುತ್ತಿದ್ದವು. ಅಲ್ಲಿ ಒಂದನ್ನಷ್ಟೇ ಬಂದ್ ಮಾಡಿಸಿ ಹತ್ತುವಂತಿಲ್ಲ ಎಂದಳು. ಅದನ್ನೂ ಅವನು ತಿರುಗಿ ಹೇಳಿದ. “ಎರಡೂ ಬಂದ್, ಎರಡಕ್ಕೂ ಅರ್ಥಿಂಗ್.” ತಪ್ಪಿಲ್ಲದೆ ಹೇಳಿದಾಗ ಅವಳು ಹೂಂ ಎಂದಳು. ಕಂಬಗಳಿಗೆ ಹೊಸ ನಂಬರು ಬರೆಯುವವನು ಹಿಂದೆ ಬರುತ್ತಿದ್ದ.

ಮೂರನೆಯದು ಒಂದು ಅಕ್ಕಿ ಗಿರಣಿ. ಜೀಪು ಅದರ ಮುಂದೆ ನಿಂತಿತು. ಇದನ್ನು ಹೇಳದೆ ಇರಬೇಕೆಂದು ವಿಶಾಖಾಳ ಮನಸ್ಸು ಈಗಲೂ ಜಗ್ಗುತ್ತಿತ್ತು.

“ಈ ಮಿಲ್ಲಿನ ಛಾವಣಿ ಮ್ಯಾಲ ಸೋಲಾರ್ ಹಾಕ್ಯಾರಣ್ಣಾ. ನಮ್ಮ ಲೈನಿಗೆ ಕರೆಂಟ್ ಕೊಡ್ತದ. ನಾವು ಬಂದ್ ಮಾಡಿದ್ರ ಅದೂ ತಾನಾಗೇ ಬಂದ್ ಆಗಬೇಕು. ಆಗ್ತದ. ಆದ್ರ...”

“ಆದ್ರ ಆಗದಿದ್ರ ಹಿಂದಕ್ಕ ಬರ್ತದ,” ಎಂದ ಹುಲಿಗೇಶ.

ಅವನು ಛಾವಣಿಯ ಕಡೆ ನೋಡುತ್ತಿದ್ದ. ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಿದ್ದ. ಉಸಿರು ಗಟ್ಟಿಯಾಗಿ ಕೇಳುತ್ತಿತ್ತು. ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಮಾತಾಡಿದರೆ ಹೆಚ್ಚಾದೀತು, ಸುಮ್ಮನಿದ್ದರೆ ಕಡಿಮೆಯಾದೀತು ಎಂದು ಕಾದು ಕೂತಳು. ಡ್ರೈವರು ಇಂಜಿನ್ನು ಆರಿಸಿದ. ದೂರದಲ್ಲಿ ಟ್ರ್ಯಾಕ್ಟರೊಂದು ಹೋಗುವ ಸದ್ದು ಕೇಳಿ ಕೇಳಿ ಮರೆಯಾಯಿತು.

“ಅವತ್ತು ನಾ ಟೆಸ್ಟರ್ ಹಚ್ಚಿರ್ಲಿಲ್ರಿ,” ಎಂದ ಅವನು ಕೊನೆಗೆ. “ಯಾರಿಗೂ ಹೇಳಿಲ್ಲ. ಮನ್ಯಾಕಿಗೂ. ಲೈನ್ ಬಂದ್ ಅದ ಅಂತ ಹತ್ತಿಬಿಟ್ಟೆ.”

ವಿಶಾಖಾ ನೀರಿನ ಬಾಟಲಿಯನ್ನು ಅವನ ಕಡೆ ಚಾಚಿದಳು.

“ಇವತ್ತಿಗೆ ಸಾಕ್ರಿ ಮೇಡಂ. ಇನ್ನ ತಲಿಗೆ ಹೋಗಂಗಿಲ್ಲ.”

“ಇನ್ನೊಂದ ಅದ ಅಣ್ಣಾ,” ಎಂದಳು ಅವಳು. ನಾಲ್ಕನೆಯದು ಹೊಳೆ ಕಡೆಯ ಊರಿನ ಹೊಸ ಸ್ವಿಚ್ಚು; ಅದನ್ನು ಹಾಕಿದ್ದರೆ ಇನ್ನೊಂದು ಫೀಡರಿನಿಂದಲೂ ಲೈನಿಗೆ ಕರೆಂಟು ಬರುತ್ತಿತ್ತು. ಅದೊಂದನ್ನು ಬಾಕಿ ಬಿಟ್ಟು ಹಿಂತಿರುಗುವುದೆಂದರೆ ನಿನ್ನೆಯ ಮಧ್ಯಾಹ್ನವನ್ನೇ ಮತ್ತೆ ಕಟ್ಟಿಕೊಂಡಂತೆ ಅನಿಸಿತು. ಹಾಗೆಂದು ಈ ಮನುಷ್ಯನ ಮುಖ ನೋಡಿ ಒತ್ತಾಯ ಮಾಡಲೂ ಬಾಯಿ ಬರಲಿಲ್ಲ.

ಹುಲಿಗೇಶ ಅವಳ ಗೊಂದಲವನ್ನು ಕಂಡ.

“ಒಂದ ಕೆಲ್ಸ ಮಾಡ್ರಿ. ಲೈನ್ ಕ್ಲಿಯರ್ ಪಟ್ಟಿಯಾಗ ನನ್ನ ಹೆಸರು ಹೊಡೀರಿ. ನಾಕನೇದು ಕಣ್ಣಿಲೆ ನೋಡಿದ ಮ್ಯಾಲ ಬರೀರಿ. ನನಗೇನೂ ಬ್ಯಾಸರ ಇಲ್ಲ. ಅಲ್ಲೀತನ ಯಾರ ಫೋನ್ ಬಂದ್ರೂ ಆಫೀಸಿಗೆ ಹಚ್ರಿ ಅಂತ ಹೇಳ್ತೀನಿ.”

ಅಷ್ಟು ಸರಳವಾದ ದಾರಿ ತನಗೆ ಹೊಳೆಯಲಿಲ್ಲವಲ್ಲ ಎಂದು ವಿಶಾಖಾಗೆ ನಾಚಿಕೆಯಾಯಿತು. ಅಲ್ಲೇ ಜೀಪಿನಲ್ಲಿ ಕೂತು ಅಬ್ದುಲ್ ವಹೀದನಿಗೆ ಫೋನು ಮಾಡಿದಳು. ಈ ಸಲ ಮೊದಲ ಸಲಕ್ಕೇ ಎತ್ತಿದ. ಹುಲಿಗೇಶನ ಹೆಸರನ್ನು ತಾನು ಮತ್ತೆ ಹೇಳುವ ತನಕ ತಡೆಹಿಡಿಯಲು ಹೇಳಿದಳು. ಅತ್ತಲಿಂದ ಅವನು ತಿರುಗಿ ಹೇಳಿದ್ದನ್ನು ಕೇಳಿಸಿಕೊಂಡಳು.

“ನಾಳೆ ಹೋಗೂಣೇನ್ರಿ ಹೊಳಿ ಕಡೆ?” ಎಂದಳು.

“ನಾಳೆ ಮುಂಜಾನೆ ಕೇಳ್ರಿ. ಮೈಯಾಗ ಹೆಂಗಿರ್ತದ ನೋಡಿ ಹೇಳ್ತೀನಿ,” ಎಂದ ಹುಲಿಗೇಶ, ಕಣ್ಣು ಮುಚ್ಚಿ ಸೀಟಿಗೆ ತಲೆಯಾನಿಸುತ್ತ.

ಜೀಪು ದೇವದುರ್ಗದ ಕಡೆ ತಿರುಗಿತು. ರಾಯಚೂರಿನಿಂದ ಪತ್ರಕ್ಕೆ ಉತ್ತರ ಬಂದಿದೆಯೇ ಎಂದು ನೋಡಲು ಫೋನು ತೆಗೆದ ವಿಶಾಖಾ, ನೋಡದೆ ಹಾಗೇ ತೊಡೆಯ ಮೇಲಿಟ್ಟುಕೊಂಡಳು.